ಟಿಪ್ಪಣಿಯಲ್ಲಿದ್ದ ಸಾಲ ಲೆಕ್ಕಕ್ಕೆ ಬಂದ ದಿನ

2019ರ ನವೆಂಬರ್ 14ರಂದು ದೇಶದ ಎರಡು ದೊಡ್ಡ ಮೊಬೈಲ್ ಕಂಪನಿಗಳು ತಮ್ಮ ಮೂರು ತಿಂಗಳ ಫಲಿತಾಂಶ ಪ್ರಕಟಿಸಿದವು. ಭಾರ್ತಿ ಏರ್‌ಟೆಲ್ ತೋರಿಸಿದ ನಷ್ಟ 23,045 ಕೋಟಿ ರೂಪಾಯಿ. ವೊಡಾಫೋನ್ ಐಡಿಯಾ ತೋರಿಸಿದ್ದು 50,921 ಕೋಟಿ. ಅಲ್ಲಿಯವರೆಗೆ ಭಾರತದ ಯಾವ ಕಂಪನಿಯೂ ಒಂದೇ ತ್ರೈಮಾಸಿಕದಲ್ಲಿ ಅಷ್ಟು ನಷ್ಟ ತೋರಿಸಿರಲಿಲ್ಲ. ಆ ಜುಲೈನಿಂದ ಸೆಪ್ಟೆಂಬರ್‌ವರೆಗೆ ಟವರ್‌ಗಳು ಸುಟ್ಟುಹೋಗಿರಲಿಲ್ಲ, ಖಜಾನೆ ದೋಚಿಕೊಂಡು ಯಾರೂ ಓಡಿಹೋಗಿರಲಿಲ್ಲ, ಜನ ಎಂದಿನಂತೆ ರೀಚಾರ್ಜ್ ಮಾಡಿಸುತ್ತಲೇ ಇದ್ದರು. ವರ್ಷಗಳಿಂದ ವಾರ್ಷಿಕ ವರದಿಯ ಹಿಂದಿನ ಪುಟಗಳಲ್ಲಿ, ಸಣ್ಣ ಅಕ್ಷರದ ಟಿಪ್ಪಣಿಯಾಗಿ ಅಚ್ಚಾಗುತ್ತಿದ್ದ ಒಂದು ವಿವಾದ ಆ ದಿನ ಮುಂದಿನ ಪುಟಕ್ಕೆ ಬಂದು ಲಾಭ-ನಷ್ಟದ ಲೆಕ್ಕದಲ್ಲಿ ಕೂತಿತ್ತು.

ಹಿಂದಿನ ಪುಟದಲ್ಲಿ ಇರುವವರೆಗೆ ಅದರ ಹೆಸರು ಕಂಟಿಂಜೆಂಟ್ ಲಯಬಿಲಿಟಿ, ಅಂದರೆ ಬಂದರೂ ಬರಬಹುದಾದ ಹೊಣೆ. ಮುಂದಿನ ಪುಟಕ್ಕೆ ಬಂದ ಮೇಲೆ ಅದು ಪ್ರಾವಿಷನ್. ಒಂದು ಹೊಣೆ ಯಾವಾಗ ಈ ಗೆರೆ ದಾಟುತ್ತದೆ ಎಂಬುದನ್ನು ತಿಳಿಯಲು ಈ ಮೊಬೈಲ್ ಕಂಪನಿಗಳ ಕತೆಗಿಂತ ಒಳ್ಳೆಯ ಉದಾಹರಣೆ ನಮ್ಮಲ್ಲಿ ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಮೊದಲು ಜಗಳ ಏನೆಂದು ನೋಡೋಣ. 1999ರ ಟೆಲಿಕಾಂ ನೀತಿಗೆ ಮುಂಚೆ ಕಂಪನಿಗಳು ಸರ್ಕಾರಕ್ಕೆ ನಿಗದಿತ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. ಅದು ಭಾರವಾಯಿತೆಂದು ಅವು ಗೋಗರೆದಾಗ ಸರ್ಕಾರ ಆದಾಯದಲ್ಲಿ ಪಾಲು ಕೊಟ್ಟರೆ ಸಾಕು ಎಂದು ಒಪ್ಪಿತು. ಹೀಗೆ ಪಾಲು ಹಾಕಲು ಲೆಕ್ಕ ಹಿಡಿಯುವ ಆದಾಯವೇ ಎಜಿಆರ್, ಅಡ್ಜಸ್ಟೆಡ್ ಗ್ರಾಸ್ ರೆವಿನ್ಯೂ. ಕರೆಗಳಿಂದ ಬಂದ ಹಣದ ಬಗ್ಗೆ ತಕರಾರಿರಲಿಲ್ಲ. ಆದರೆ ಬ್ಯಾಂಕ್ ಠೇವಣಿಯ ಬಡ್ಡಿ, ಷೇರುಗಳ ಡಿವಿಡೆಂಡ್, ಕಟ್ಟಡದ ಬಾಡಿಗೆ, ಗುಜರಿ ಮಾರಿದ ದುಡ್ಡು? ಲೈಸೆನ್ಸ್ ಒಪ್ಪಂದದ ಪ್ರಕಾರ ಎಲ್ಲವೂ ಸೇರುತ್ತದೆ ಎಂದು ದೂರಸಂಪರ್ಕ ಇಲಾಖೆ ವಾದಿಸಿತು. ಟೆಲಿಕಾಂಗೆ ಸಂಬಂಧವಿಲ್ಲದ ಆದಾಯದಲ್ಲಿ ಪಾಲು ಕೇಳುವುದು ಎಲ್ಲಿಯ ನ್ಯಾಯ ಎಂದು ಕಂಪನಿಗಳು ಕೇಳಿದವು. ವ್ಯಾಜ್ಯ ಟೆಲಿಕಾಂ ನ್ಯಾಯಮಂಡಳಿಗೂ ಸುಪ್ರೀಂ ಕೋರ್ಟಿಗೂ ನಡುವೆ ಹಲವು ವರ್ಷ ಓಡಾಡಿತು. 2015ರ ಏಪ್ರಿಲ್‌ನಲ್ಲಿ ನ್ಯಾಯಮಂಡಳಿ ಅನೇಕ ಅಂಶಗಳಲ್ಲಿ ಕಂಪನಿಗಳ ಪರವಾಗಿ ತೀರ್ಪು ಕೊಟ್ಟಿತು. ಇಲಾಖೆ ಸುಪ್ರೀಂ ಕೋರ್ಟಿಗೆ ಹೋಯಿತು.

ಈಗ ಆ ಕಂಪನಿಯ ಲೆಕ್ಕ ಬರೆಯುವವರ ಕುರ್ಚಿಯಲ್ಲಿ ಕೂತು ಯೋಚಿಸಿ. ಸರ್ಕಾರ ಸಾವಿರಾರು ಕೋಟಿ ಕೇಳುತ್ತಿದೆ. ನೀವು ಕೊಡುವುದಿಲ್ಲ ಎನ್ನುತ್ತಿದ್ದೀರಿ. ಕೆಳಗಿನ ಹಂತದಲ್ಲಿ ಬಹುಪಾಲು ಗೆದ್ದಿದ್ದೀರಿ, ಮೇಲಿನ ಹಂತದಲ್ಲಿ ಪ್ರಕರಣ ಬಾಕಿ ಇದೆ. ಮಾರ್ಚ್ 31 ಬಂದಿದೆ. ಏನು ಬರೆಯುತ್ತೀರಿ?

ದೊಡ್ಡ ಕಂಪನಿಗಳಿಗೆ ಇದಕ್ಕೆ ಉತ್ತರ ಹೇಳುವುದು ಇಂಡ್ ಎಎಸ್ 37 ಎಂಬ ಲೆಕ್ಕಪತ್ರ ಮಾನದಂಡ. ಚಿಕ್ಕ ಕಂಪನಿಗಳಿಗೆ ಎಎಸ್ 29 ಇದೆ, ಮೂಲ ತರ್ಕ ಎರಡರಲ್ಲೂ ಒಂದೇ. ಅದು ಮೂರು ಪ್ರಶ್ನೆ ಕೇಳುತ್ತದೆ. ಆಗಿಹೋದ ಯಾವುದೋ ಘಟನೆಯಿಂದ ಇವತ್ತು ನಿಮ್ಮ ಮೇಲೆ ಹೊಣೆ ಬಿದ್ದಿದೆಯೇ? ಆ ಹೊಣೆ ತೀರಿಸಲು ಹಣ ಹೊರಹೋಗುವ ಸಾಧ್ಯತೆ, ಹೋಗದಿರುವ ಸಾಧ್ಯತೆಗಿಂತ ಹೆಚ್ಚೇ? ಎಷ್ಟು ಎಂದು ನಂಬಬಹುದಾದ ಅಂದಾಜು ಕೊಡಬಲ್ಲಿರೇ? ಮೂರಕ್ಕೂ ಹೌದು ಎಂದಾದರೆ ಪ್ರಾವಿಷನ್ ಬರೆಯಲೇಬೇಕು, ಲಾಭ ಅಷ್ಟು ಇಳಿಯಲೇಬೇಕು. ಯಾವುದಾದರೂ ಒಂದಕ್ಕೆ ಇಲ್ಲ ಎಂದಾದರೆ ಅದು ಕಂಟಿಂಜೆಂಟ್ ಲಯಬಿಲಿಟಿ. ಟಿಪ್ಪಣಿಯಲ್ಲಿ ವಿವರಿಸಿದರೆ ಸಾಕು. ಹಣ ಹೋಗುವ ಸಾಧ್ಯತೆ ತೀರಾ ದೂರದ್ದಾದರೆ ಟಿಪ್ಪಣಿಯೂ ಬೇಡ.

ಮೊದಲ ಪ್ರಶ್ನೆಯಲ್ಲಿ 'ಆಗಿಹೋದ' ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಮುಂದಿನ ವರ್ಷ ಬಾಯ್ಲರ್ ರಿಪೇರಿ ಮಾಡಿಸಬೇಕಾದೀತು, ಮುಂದಿನ ವರ್ಷ ವ್ಯಾಪಾರ ಕುಸಿದು ನಷ್ಟವಾದೀತು ಎಂಬ ಭಯಕ್ಕೆ ಇವತ್ತೇ ಪ್ರಾವಿಷನ್ ಬರೆಯುವಂತಿಲ್ಲ. ರಿಪೇರಿ ಮಾಡಿಸದೆ ಬಾಯ್ಲರನ್ನೇ ಮಾರಬಹುದು. ಕಂಪನಿಗೆ ತಪ್ಪಿಸಿಕೊಳ್ಳುವ ದಾರಿ ಇರುವವರೆಗೆ ಹೊಣೆ ಹುಟ್ಟಿರುವುದಿಲ್ಲ. ಈ ಕಟ್ಟುನಿಟ್ಟಿಗೆ ಕಾರಣವಿದೆ. ಚೆನ್ನಾಗಿ ಲಾಭ ಬಂದ ವರ್ಷ 'ಮುಂದಿನ ಕಷ್ಟಕ್ಕೆ' ಎಂದು ದೊಡ್ಡ ಪ್ರಾವಿಷನ್ ಬರೆದು ಲಾಭ ಅಡಗಿಸಿ, ಕೆಟ್ಟ ವರ್ಷದಲ್ಲಿ ಅದನ್ನು ವಾಪಸ್ ತೆಗೆದು ಲಾಭ ತೋರಿಸುವ ಚಾಳಿ ವ್ಯಾಪಾರಲೋಕದಲ್ಲಿ ಹಳೆಯದು.

ವ್ಯಾಜ್ಯದ ಸುಳಿವೂ ಇಲ್ಲದ ಕಡೆ ಪ್ರಾವಿಷನ್ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಒಂದು ಸುಲಭ ಲೆಕ್ಕ. ಪಂಪ್‌ಸೆಟ್ ಮಾಡುವ ಕಂಪನಿಯೊಂದು ಒಂದು ವರ್ಷದ ಗ್ಯಾರಂಟಿ ಕೊಟ್ಟು 10,000 ಪಂಪ್ ಮಾರಿದೆ ಎಂದುಕೊಳ್ಳೋಣ. ಹಿಂದಿನ ಅನುಭವದಿಂದ ಅದಕ್ಕೆ ಗೊತ್ತು: ನೂರರಲ್ಲಿ 90 ಪಂಪ್ ತೊಂದರೆ ಕೊಡುವುದಿಲ್ಲ, 8ಕ್ಕೆ ತಲಾ 500 ರೂಪಾಯಿಯ ಸಣ್ಣ ರಿಪೇರಿ ಬರುತ್ತದೆ, 2ಕ್ಕೆ ಮೋಟಾರೇ ಸುಟ್ಟು ತಲಾ 3,000 ರೂಪಾಯಿ ಖರ್ಚು ಬೀಳುತ್ತದೆ. 800 ಪಂಪಿಗೆ 4 ಲಕ್ಷ, 200 ಪಂಪಿಗೆ 6 ಲಕ್ಷ, ಒಟ್ಟು 10 ಲಕ್ಷ. ಯಾವ ರೈತನ ಪಂಪ್ ಕೆಡುತ್ತದೆ ಎಂದು ಯಾರಿಗೂ ಗೊತ್ತಿಲ್ಲ, ಒಬ್ಬನೂ ಇನ್ನೂ ದೂರು ಹೇಳಿಲ್ಲ. ಆದರೂ ಪಂಪ್ ಮಾರಿದ ವರ್ಷವೇ ಆ 10 ಲಕ್ಷವನ್ನು ಖರ್ಚಾಗಿ ಬರೆಯಬೇಕು. ಗ್ಯಾರಂಟಿ ಚೀಟಿ ಕೊಟ್ಟ ಗಳಿಗೆಯಲ್ಲೇ ಹೊಣೆ ಹುಟ್ಟಿದೆ.

ಪಂಪ್‌ಗಳ ಹಾಗೆ ಸಾವಿರಾರು ಚಿಕ್ಕ ಹೊಣೆಗಳಿದ್ದಾಗ ಸರಾಸರಿ ಲೆಕ್ಕ ನಡೆಯುತ್ತದೆ. ಒಂದೇ ದೊಡ್ಡ ಮೊಕದ್ದಮೆಗೆ ಅದು ನಡೆಯುವುದಿಲ್ಲ. 100 ಕೋಟಿಯ ದಾವೆಯಲ್ಲಿ ಸೋಲುವ ಸಾಧ್ಯತೆ ನೂರಕ್ಕೆ 40 ಎಂದು ವಕೀಲರು ಹೇಳಿದರೆ ಲೆಕ್ಕದಲ್ಲಿ ಬರೆಯುವುದು 40 ಕೋಟಿಯಲ್ಲ, ಸೊನ್ನೆ. 60 ಎಂದರೆ ಬರೆಯುವುದು ಸಾಮಾನ್ಯವಾಗಿ 60 ಕೋಟಿಯಲ್ಲ, ಪೂರ್ತಿ 100 ಕೋಟಿ. ಅತಿ ಹೆಚ್ಚು ಸಂಭವವಿರುವ ಫಲಿತಾಂಶ ಯಾವುದೋ ಆ ಮೊತ್ತವನ್ನೇ ಹಿಡಿಯಬೇಕು ಎಂಬುದು ನಿಯಮ. ಐವತ್ತರ ಗೆರೆಯ ಈಚೆ ನಿಂತರೆ ಏನೂ ಇಲ್ಲ, ಆಚೆ ಕಾಲಿಟ್ಟರೆ ಎಲ್ಲವೂ. ನಿಯಮದ ಪ್ರಾಮಾಣಿಕತೆಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಕಡಿದಾದ ಅಂಚಿನಿಂದಾಗಿಯೇ ನಷ್ಟಗಳು ಹಂತಹಂತವಾಗಿ ಇಳಿಯದೆ ಒಂದೇ ದಿನ ದೊಪ್ಪನೆ ಬೀಳುತ್ತವೆ. ಆ ಗೆರೆ ಎಲ್ಲಿದೆ ಎಂದು ಹೇಳುವವರು ಕಂಪನಿಯೇ ಗೊತ್ತುಮಾಡಿದ ವಕೀಲರು. ಲಾಭ ಉಳಿಯಲಿ ಎಂದು ಆಡಳಿತ ಮಂಡಳಿ ಬಯಸುವ ಹೊತ್ತಿನಲ್ಲಿ 'ನಮ್ಮ ವಾದಕ್ಕೆ ಬಲವಿದೆ' ಎಂಬ ಅಭಿಪ್ರಾಯಪತ್ರ ಸಿಗುವುದು ಅಷ್ಟೇನೂ ಕಷ್ಟವಲ್ಲ. ಆಡಿಟರ್ ಅದನ್ನು ಪ್ರಶ್ನಿಸಬಹುದು, ಬೇರೆ ವಕೀಲರ ಮಾತು ಕೇಳಬಹುದು. ಆದರೆ ಕೈಯಲ್ಲಿ ನ್ಯಾಯಮಂಡಳಿಯ ಅನುಕೂಲ ತೀರ್ಪೇ ಇರುವಾಗ ಆಡಿಟರ್ ಹೆಚ್ಚು ಒತ್ತಾಯ ಮಾಡುವುದೂ ಕಷ್ಟವೇ.

ಹಾಗೆಂದು ಟಿಪ್ಪಣಿಯ ಬೆಲೆ ಒಳಗಿನವರಿಗೆ ಗೊತ್ತಿರಲಿಲ್ಲ ಎಂದಲ್ಲ. 2018ರ ಆಗಸ್ಟ್ 31ರಂದು ವೊಡಾಫೋನ್‌ನ ಭಾರತದ ವ್ಯವಹಾರ ಮತ್ತು ಐಡಿಯಾ ಒಂದಾದಾಗ, ವಿಲೀನಕ್ಕೆ ಮುಂಚಿನ ಇಂಥ ಬಾಕಿ ವಿವಾದಗಳು ಮುಂದೆ ನಿಜವಾದ ಸಾಲವಾಗಿ ತಲೆ ಎತ್ತಿದರೆ ಯಾರು ಎಷ್ಟು ತುಂಬಿಕೊಡಬೇಕು ಎಂಬುದಕ್ಕೆ ಪ್ರತ್ಯೇಕ ಏರ್ಪಾಡನ್ನೇ ಒಪ್ಪಂದದಲ್ಲಿ ಬರೆದುಕೊಂಡಿದ್ದರು. ಬ್ರಿಟನ್ನಿನ ವೊಡಾಫೋನ್ ಗ್ರೂಪ್ ಕೊಡಬೇಕಾಗಬಹುದಾದ ಮೊತ್ತಕ್ಕೆ 8,400 ಕೋಟಿ ರೂಪಾಯಿಯ ಮಿತಿಯೂ ಇತ್ತು. ವ್ಯವಹಾರ ಕೊಳ್ಳುವ, ಕೂಡಿಸುವ ಮಂದಿ ಬ್ಯಾಲೆನ್ಸ್ ಶೀಟ್ ಓದಿ ಅಲ್ಲಿಗೇ ಬಿಡುವುದಿಲ್ಲ.

2019ರ ಅಕ್ಟೋಬರ್ 24ರಂದು ಸುಪ್ರೀಂ ಕೋರ್ಟ್ ತೀರ್ಪು ಬಂತು. ನ್ಯಾಯಮೂರ್ತಿಗಳಾದ ಅರುಣ್ ಮಿಶ್ರಾ, ಎಸ್. ಅಬ್ದುಲ್ ನಜೀರ್ ಮತ್ತು ಎಂ.ಆರ್. ಶಾ ಅವರ ಪೀಠ ಇಲಾಖೆಯ ವ್ಯಾಖ್ಯಾನವನ್ನೇ ಎತ್ತಿಹಿಡಿಯಿತು. ಬಡ್ಡಿ ಸರಿ, ದಂಡ ಸರಿ, ದಂಡದ ಮೇಲಿನ ಬಡ್ಡಿಯೂ ಸರಿ. ಕಟ್ಟಲು ಮೂರು ತಿಂಗಳು.

ಇಲ್ಲಿ ಒಂದು ಸೂಕ್ಷ್ಮವಿದೆ. ತ್ರೈಮಾಸಿಕ ಮುಗಿದದ್ದು ಸೆಪ್ಟೆಂಬರ್ 30ಕ್ಕೆ, ತೀರ್ಪು ಬಂದದ್ದು ಅದಾದ 24 ದಿನಕ್ಕೆ. ಹಾಗಾದರೆ ನಷ್ಟವನ್ನು ಮುಂದಿನ ತ್ರೈಮಾಸಿಕಕ್ಕೆ ತಳ್ಳಬಹುದಿತ್ತಲ್ಲ? ತಳ್ಳುವಂತಿರಲಿಲ್ಲ. ಲೆಕ್ಕದ ಅವಧಿ ಮುಗಿದ ಮೇಲೆ, ಆದರೆ ಆಡಳಿತ ಮಂಡಳಿ ಲೆಕ್ಕಕ್ಕೆ ಒಪ್ಪಿಗೆ ಹಾಕುವ ಮುಂಚೆ ನಡೆದ ಘಟನೆಗಳನ್ನು ಇಂಡ್ ಎಎಸ್ 10 ಎರಡಾಗಿ ವಿಂಗಡಿಸುತ್ತದೆ. ಅಕ್ಟೋಬರ್‌ನಲ್ಲಿ ಟವರ್ ಉರುಳಿಬಿದ್ದಿದ್ದರೆ ಅದು ಅಕ್ಟೋಬರ್‌ನ ನಷ್ಟ, ಸೆಪ್ಟೆಂಬರ್ 30ರಂದು ಟವರ್ ನಿಂತೇ ಇತ್ತು. ತೀರ್ಪಿನ ಸಂಗತಿ ಬೇರೆ. ಅದು ಹೊಸ ಹೊಣೆಯನ್ನು ಹುಟ್ಟಿಸಲಿಲ್ಲ. ಹತ್ತಾರು ವರ್ಷಗಳ ಆದಾಯದ ಮೇಲೆ ಆಗಲೇ ಇದ್ದ ಹೊಣೆಯನ್ನು ಖಚಿತಪಡಿಸಿತು, ಅಷ್ಟೇ. ಆದ್ದರಿಂದ ಸೆಪ್ಟೆಂಬರ್ 30ರ ಲೆಕ್ಕದಲ್ಲೇ ಅದನ್ನು ಸೇರಿಸಬೇಕು. ಏರ್‌ಟೆಲ್ ಅಕ್ಟೋಬರ್ 29ಕ್ಕೆ ಇದ್ದ ತನ್ನ ಫಲಿತಾಂಶವನ್ನು ಮುಂದೂಡಿ ನವೆಂಬರ್ 14ಕ್ಕೆ ಹಾಕಿಕೊಂಡಿತು. ತ್ರೈಮಾಸಿಕ ಮುಗಿದ 45 ದಿನದೊಳಗೆ ಫಲಿತಾಂಶ ಕೊಡಬೇಕೆಂಬುದು ಸೆಬಿ ನಿಯಮ. ಸೆಪ್ಟೆಂಬರ್ 30ರಿಂದ ಎಣಿಸಿದರೆ ನವೆಂಬರ್ 14 ಸರಿಯಾಗಿ 45ನೆಯ ದಿನ.

ಆ ದಿನ ಏರ್‌ಟೆಲ್ ಕೊಟ್ಟ ಅಂಕಿಗಳನ್ನು ಬಿಡಿಸಿ ನೋಡಿದರೆ ಹಿಂದಿನ ವರ್ಷಗಳ ಮನಸ್ಥಿತಿಯೂ ಕಾಣುತ್ತದೆ. ಒಟ್ಟು ಬಾಕಿ 34,260 ಕೋಟಿ ಎಂದು ಅದು ಅಂದಾಜಿಸಿತು. ಇದರಲ್ಲಿ ಅಸಲು 8,747 ಕೋಟಿ, ಬಡ್ಡಿ 15,446 ಕೋಟಿ, ದಂಡ 3,760 ಕೋಟಿ, ದಂಡದ ಮೇಲಿನ ಬಡ್ಡಿ 6,307 ಕೋಟಿ. ಅಂದರೆ ಅಸಲಿನ ಒಂದು ರೂಪಾಯಿ ಸುಮಾರು ನಾಲ್ಕು ರೂಪಾಯಿಯಾಗಿ ಬೆಳೆದಿತ್ತು. ಲೈಸೆನ್ಸ್ ಒಪ್ಪಂದದಲ್ಲಿ ಬಡ್ಡಿ ತಿಂಗಳು ತಿಂಗಳೂ ಚಕ್ರಬಡ್ಡಿಯಾಗಿ ಏರುವಂತೆ ಬರೆದಿತ್ತು. ವಿವಾದ ವರ್ಷಗಟ್ಟಲೆ ನಡೆದದ್ದೇ ಹೊರೆ ಹೆಚ್ಚಲು ಕಾರಣ.

ಆದರೆ ಆ ತ್ರೈಮಾಸಿಕದಲ್ಲಿ ಏರ್‌ಟೆಲ್ ಹೊಸದಾಗಿ ಖರ್ಚು ಹಾಕಿದ್ದು 34,260 ಕೋಟಿಯಲ್ಲ, 28,450 ಕೋಟಿ. ಅದರ ಬಾಬ್ತುಗಳು: ಅಸಲು 6,164 ಕೋಟಿ, ಬಡ್ಡಿ 12,219 ಕೋಟಿ, ದಂಡ 3,760 ಕೋಟಿ, ದಂಡದ ಮೇಲಿನ ಬಡ್ಡಿ 6,307 ಕೋಟಿ. ಎರಡೂ ಪಟ್ಟಿಗಳನ್ನು ಒಂದರ ಕೆಳಗೊಂದು ಇಟ್ಟು ಕಳೆದರೆ 5,810 ಕೋಟಿ ಉಳಿಯುತ್ತದೆ. ಅದಷ್ಟೂ ಅಸಲು ಮತ್ತು ಬಡ್ಡಿಯ ಸಾಲಿನಲ್ಲಿದೆ. ದಂಡದ ಎರಡು ಸಾಲುಗಳಲ್ಲಿ ಕಳೆದರೆ ಸೊನ್ನೆ. ಇದರಿಂದ ತಿಳಿಯುವುದಿಷ್ಟು: ವಿವಾದದ ಒಂದು ಭಾಗಕ್ಕೆ ಕಂಪನಿ ಮೊದಲೇ ಪ್ರಾವಿಷನ್ ಬರೆದಿಟ್ಟಿತ್ತು, ದಂಡಕ್ಕೆ ಮಾತ್ರ ಒಂದು ರೂಪಾಯಿಯನ್ನೂ ಬರೆದಿರಲಿಲ್ಲ. ಒಂದೇ ಮೊಕದ್ದಮೆಯೊಳಗೆ ಕೆಲವು ಅಂಶ ಗೆರೆಯ ಆಚೆ, ಕೆಲವು ಈಚೆ ಇರಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ನ್ಯಾಯಾಲಯದ ಮುಂದೆ ಸದ್ಭಾವದಿಂದ ವಾದ ಹೂಡಿದವರ ಮೇಲೆ ದಂಡ ಬೀಳಲಾರದು ಎಂಬ ಎಣಿಕೆ ಅಸಾಧಾರಣವೇನೂ ಅಲ್ಲ. ಬಿತ್ತು.

ವೊಡಾಫೋನ್ ಐಡಿಯಾ ಅಂದಾಜಿಸಿದ ಒಟ್ಟು ಬಾಕಿ 44,150 ಕೋಟಿ: ಲೈಸೆನ್ಸ್ ಶುಲ್ಕ 27,610 ಕೋಟಿ, ತರಂಗಾಂತರ ಬಳಕೆ ಶುಲ್ಕ 16,540 ಕೋಟಿ. ಅದರ 50,921 ಕೋಟಿ ನಷ್ಟ ಇದೊಂದರಿಂದಲೇ ಬಂದದ್ದಲ್ಲ, ಬೇರೆ ಬಾಬ್ತುಗಳೂ ಸೇರಿದ್ದವು. ಆದರೆ ಆ ಕಂಪನಿ ಮುಂದೆ ನಡೆಯುತ್ತದೋ ಇಲ್ಲವೋ ಎಂಬುದೇ ಸರ್ಕಾರದ ರಿಯಾಯಿತಿ ಮತ್ತು ಕೋರ್ಟಿನ ಪರಿಹಾರದ ಮೇಲೆ ನಿಂತಿದೆ ಎಂದು ಫಲಿತಾಂಶದ ಜೊತೆಯಲ್ಲೇ ಬರೆಯಬೇಕಾಯಿತು.

ಪ್ರಾವಿಷನ್ ಬರೆದರು ಎಂದರೆ ಆ ಹಣವನ್ನು ಎಲ್ಲೋ ತೆಗೆದಿಟ್ಟರು ಎಂದು ಅನೇಕರು ತಿಳಿಯುತ್ತಾರೆ. ಹಾಗೇನಿಲ್ಲ. ನವೆಂಬರ್ 14ರಂದು ಏರ್‌ಟೆಲ್‌ನ ಬ್ಯಾಂಕ್ ಖಾತೆಯಿಂದ ಈ ಬಾಬ್ತಿಗೆ ಒಂದು ಪೈಸೆಯೂ ಹೋಗಲಿಲ್ಲ. ಒಂದು ಕಡೆ ಖರ್ಚು ಬರೆದರು, ಇನ್ನೊಂದು ಕಡೆ ಅಷ್ಟೇ ಮೊತ್ತದ ಹೊಣೆ ಬರೆದರು, ಷೇರುದಾರರ ಪಾಲಿನ ಆಸ್ತಿ ಅಷ್ಟು ಕರಗಿತು. ಹಣ ಹೋದದ್ದು ಆಮೇಲೆ. 2020ರ ಫೆಬ್ರವರಿ 17ರಂದು 10,000 ಕೋಟಿ, ತಿಂಗಳ ಕೊನೆಗೆ ಇನ್ನೂ 8,004 ಕೋಟಿ ಕಟ್ಟಿದರು. ಹಾಗೆ ಕಟ್ಟಿದಾಗ ಲಾಭ-ನಷ್ಟದ ಲೆಕ್ಕ ಅಲುಗಲಿಲ್ಲ. ಪ್ರಾವಿಷನ್ ಕಡಿಮೆಯಾಯಿತು, ಬ್ಯಾಂಕ್ ಬಾಕಿ ಕಡಿಮೆಯಾಯಿತು. ನಷ್ಟದ ಸುದ್ದಿಗೂ ಹಣ ಹೋಗುವ ದಿನಕ್ಕೂ ನಡುವೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಅಂತರವಿರುತ್ತದೆ.

ಬರೆದ ಅಂದಾಜು ಕೊನೆಯದೂ ಅಲ್ಲ. ಪ್ರತಿ ಬಾರಿ ಲೆಕ್ಕ ಮುಗಿಸುವಾಗ ಪ್ರಾವಿಷನ್ ಅನ್ನು ಮತ್ತೆ ತೂಗಿ ನೋಡಬೇಕು. ತಾವೇ ಲೆಕ್ಕ ಹಾಕಿಕೊಂಡ ಬಾಕಿ ಇಲಾಖೆಯ ಬೇಡಿಕೆಗಿಂತ ಬಹಳ ಕಡಿಮೆ ಎಂದು ಕಂಪನಿಗಳು ವಾದಿಸುತ್ತಿದ್ದವು. ಬೇಡಿಕೆಯ ಮರುಲೆಕ್ಕಕ್ಕೆ ಅವಕಾಶವಿಲ್ಲ ಎಂದು 2020ರ ಜುಲೈ 20ರಂದು ಸುಪ್ರೀಂ ಕೋರ್ಟ್ ಖಡಾಖಂಡಿತ ಹೇಳಿತು. ಜೂನ್ 30ಕ್ಕೆ ಮುಗಿದ ತ್ರೈಮಾಸಿಕದ ಫಲಿತಾಂಶ ಇನ್ನೂ ಹೊರಬಿದ್ದಿರಲಿಲ್ಲ. ಮತ್ತೆ ಅದೇ ನಿಯಮ, ಅದೇ ಹಿಂದಿನ ತಾರೀಖಿಗೆ ಸೇರ್ಪಡೆ: ಏರ್‌ಟೆಲ್ ಆ ತ್ರೈಮಾಸಿಕದಲ್ಲಿ 15,933 ಕೋಟಿ ನಷ್ಟ ತೋರಿಸಿತು, ಮುಖ್ಯ ಕಾರಣ ಎಜಿಆರ್‌ಗೆ ಬರೆದ ಹೆಚ್ಚುವರಿ ಪ್ರಾವಿಷನ್. ಸೆಪ್ಟೆಂಬರ್ 1ರಂದು ಕೋರ್ಟ್ ಬಾಕಿ ಕಟ್ಟಲು ಹತ್ತು ವರ್ಷದ ಕಂತು ಕೊಟ್ಟಿತು.

ಷೇರು ಕೊಂಡಿರುವವರು, ಮಗ ಕೆಲಸಕ್ಕೆ ಸೇರಿದ ಕಂಪನಿಯ ಗಟ್ಟಿತನ ನೋಡಬೇಕೆನ್ನುವವರು ಇದನ್ನೆಲ್ಲ ಎಲ್ಲಿ ಹುಡುಕಬೇಕು? ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿ 'ಕಂಪನಿ ಸಾಲವೆಂದು ಒಪ್ಪಿಕೊಳ್ಳದ ಬೇಡಿಕೆಗಳು' ಎಂಬರ್ಥದ ಒಂದು ಶೀರ್ಷಿಕೆ ಇದ್ದೇ ಇರುತ್ತದೆ, ಕಂಪನಿ ಕಾಯ್ದೆಯ ಮೂರನೆಯ ಷೆಡ್ಯೂಲ್ ಅದನ್ನು ಕಡ್ಡಾಯ ಮಾಡಿದೆ. ಅಲ್ಲಿರುವ ಒಟ್ಟು ಮೊತ್ತವನ್ನು ಷೇರುದಾರರ ಒಟ್ಟು ಬಂಡವಾಳದ ಪಕ್ಕದಲ್ಲಿ ಇಟ್ಟು ನೋಡಿ. ನೂರಕ್ಕೆ ಎರಡೋ ಮೂರೋ ಆದರೆ ನಿದ್ದೆ ಕೆಡಿಸಿಕೊಳ್ಳಬೇಕಿಲ್ಲ. ಬಂಡವಾಳದ ಅರ್ಧವನ್ನೇ ನುಂಗುವಷ್ಟಿದ್ದರೆ ಮೂರು ನಾಲ್ಕು ವರ್ಷದ ವರದಿ ತೆಗೆದು ಅದು ಹೇಗೆ ಬೆಳೆದಿದೆ ನೋಡಬೇಕು. ಹೊಸ ಮೊಕದ್ದಮೆ ಇಲ್ಲದೆಯೂ ಮೊತ್ತ ವರ್ಷವರ್ಷ ಏರುತ್ತಿದ್ದರೆ ಒಳಗೆ ಬಡ್ಡಿ ಓಡುತ್ತಿದೆ ಎಂದರ್ಥ. ಬಡ್ಡಿ, ದಂಡ ಸೇರಿಸದೆ ಅಸಲು ಮಾತ್ರ ತೋರಿಸಿದ್ದಾರೆಯೇ ಎಂಬುದನ್ನೂ ಗಮನಿಸಬೇಕು. ಆ ಒಂದು ವಾಕ್ಯ ಟಿಪ್ಪಣಿಯ ಕೊನೆಯಲ್ಲಿ ಎಲ್ಲೋ ಇರುತ್ತದೆ.

ವಿವರ ಬರೆದರೆ ಎದುರಾಳಿಗೆ ನಮ್ಮ ದೌರ್ಬಲ್ಯ ಗೊತ್ತಾಗುತ್ತದೆ ಎಂಬ ಆತಂಕ ಕಂಪನಿಗಳಿಗೆ ಇರುವುದು ನಿಜ. ಪ್ರಾವಿಷನ್ ಬರೆಯುವುದೆಂದರೆ ಒಂದು ರೀತಿಯಲ್ಲಿ ಸೋಲುವ ಸಂಭವವೇ ಹೆಚ್ಚು ಎಂದು ಒಪ್ಪಿದಂತೆ. ಅದಕ್ಕೆಂದೇ ತೀರಾ ಅಪರೂಪದ ಸಂದರ್ಭದಲ್ಲಿ, ವಾದಕ್ಕೆ ಗಂಭೀರ ಧಕ್ಕೆ ಬರುವುದಾದರೆ, ವಿವರ ಬಿಡಬಹುದು ಎಂದು ಇಂಡ್ ಎಎಸ್ 37 ಒಂದು ಕಿಂಡಿ ತೆರೆದಿಟ್ಟಿದೆ. ಆಗಲೂ ವಿವಾದವಿದೆ ಎಂಬುದನ್ನೂ ವಿವರ ಯಾಕೆ ಕೊಟ್ಟಿಲ್ಲ ಎಂಬುದನ್ನೂ ಹೇಳಲೇಬೇಕು, ಪ್ರಾವಿಷನ್ ಬರೆಯುವುದರಿಂದ ವಿನಾಯಿತಿ ಇಲ್ಲ.

ಇನ್ನೊಂದು ಜಾಗವನ್ನು ಓದುಗರು ಸಾಮಾನ್ಯವಾಗಿ ತಿರುವಿಹಾಕುತ್ತಾರೆ. ಆಡಿಟರ್ ವರದಿಯ ಅನುಬಂಧದಲ್ಲಿ, ವಿವಾದದ ಕಾರಣಕ್ಕೆ ಕಟ್ಟದೆ ಉಳಿದ ತೆರಿಗೆ, ಸುಂಕ ಮುಂತಾದ ಸರ್ಕಾರಿ ಬಾಕಿಗಳ ಒಂದು ಪಟ್ಟಿ ಇರುತ್ತದೆ. ಮೊತ್ತ ಎಷ್ಟು, ಯಾವ ವರ್ಷದ್ದು, ಈಗ ಯಾರ ಮುಂದೆ ಬಾಕಿ ಇದೆ ಎಂಬುದೆಲ್ಲ ಅಲ್ಲಿ ಸಿಗುತ್ತದೆ. ಆ ಕೊನೆಯ ಕಾಲಂ ಮುಖ್ಯ. ತೆರಿಗೆ ಇಲಾಖೆಯ ಮೇಲ್ಮನವಿ ಅಧಿಕಾರಿಯ ಮುಂದಿರುವ ಬೇಡಿಕೆಗೆ ಇನ್ನೂ ಎರಡು ಮೂರು ಮೆಟ್ಟಿಲು ಬಾಕಿ, ಕಂಪನಿಗೆ ಅದನ್ನು ಟಿಪ್ಪಣಿಯಲ್ಲೇ ಇಟ್ಟುಕೊಳ್ಳಲು ವರ್ಷಗಳ ಕಾಲಾವಕಾಶವಿದೆ. ಅಲ್ಲಿ ಸುಪ್ರೀಂ ಕೋರ್ಟ್ ಎಂದು ಬರೆದಿದ್ದರೆ ಮೇಲೆ ಮತ್ತೊಂದು ಮೆಟ್ಟಿಲಿಲ್ಲ, ಸೋತರೆ ಪೂರ್ತಿ ಮೊತ್ತ ಇನ್ನೂ ಪ್ರಕಟವಾಗದ ಹತ್ತಿರದ ತ್ರೈಮಾಸಿಕದ ಲೆಕ್ಕಕ್ಕೇ ಬಂದು ಬೀಳುತ್ತದೆ.